ದೋಣಿಯ ಮೂತಿ ಯಾವ ಕಡೆಗೆ?

“ಸಂಪಾದಕರೇ, ಮಗಳು ಪಿಯುಸಿ ಓದುತ್ತಿದ್ದಾಳೆ. ಅವಳ ಪುಸ್ತಕದಲ್ಲಿ ಹೊಳೆ ದಾಟುವ ದೋಣಿಯ ಲೆಕ್ಕವಿದೆ. ಓರೆಯಾಗಿ ಕೆಳಕ್ಕೆ ಹೋಗುವ ದೋಣಿ ಬೇಗ ದಡ ಸೇರುತ್ತದಂತೆ, ನೇರವಾಗಿ ಎದುರು ದಡಕ್ಕೆ ಹೋಗುವುದು ತಡವಂತೆ. ದಾರಿ ಕಮ್ಮಿ ಇದ್ದರೆ ಹೊತ್ತು ಜಾಸ್ತಿ ಹೇಗೆ? ನಮ್ಮ ಕಡೆ ಅಂಬಿಗರು ಹರಿಗೋಲನ್ನು ಮೊದಲು ಹೊಳೆಯ ಮೇಲಕ್ಕೆ ಒಯ್ದು ಆಮೇಲೆ ದಾಟುತ್ತಾರೆ. ಅದು ಯಾವ ಲೆಕ್ಕ?”
— ಗಂಗಾವತಿಯ ಓದುಗರೊಬ್ಬರು

ನೀವಿರುವುದು ತುಂಗಭದ್ರೆಯ ಪಕ್ಕದಲ್ಲೇ. ಮಗಳ ಜೊತೆ ಹೊಳೆ ದಂಡೆಗೆ ಹೋಗಿ, ನೀರಿಗೆ ಒಂದು ಒಣಗಿದ ಎಲೆ ಬಿಡಿ. ಅದು ಸುಮ್ನೆ ನೀರಿನ ಜೊತೆ ತೇಲಿಕೊಂಡು ಹೋಗುತ್ತದೆ. ಆ ಎಲೆಯ ಮೇಲೆ ಒಂದು ಇರುವೆ ಕೂತಿದೆ ಅಂದುಕೊಳ್ಳಿ. ಅದರ ಪಾಲಿಗೆ ನೀರು ನಿಂತೇ ಇದೆ. ಸರಿಯುತ್ತಿರುವುದು ದಡ, ದಡದ ಮೇಲಿನ ಮರ, ಮಂಟಪ.

ಈಗ ಅದೇ ಜಾಗದಿಂದ ಒಂದು ದೋಣಿ ಹೊರಡಲಿ. ಹೊಳೆಯ ಅಗಲ 120 ಮೀಟರ್. ಹುಟ್ಟು ಹಾಕಿದರೆ ನಿಂತ ನೀರಿನಲ್ಲಿ ದೋಣಿಯ ವೇಗ ಸೆಕೆಂಡಿಗೆ 1 ಮೀಟರ್. ಹೊಳೆಯ ಸೆಳೆತ ಸೆಕೆಂಡಿಗೆ 0.6 ಮೀಟರ್. ಅಂಬಿಗ ಮೂತಿಯನ್ನು ಎದುರು ದಡಕ್ಕೆ ನೆಟ್ಟಗೆ ಇಟ್ಟು ಹುಟ್ಟು ಹಾಕುತ್ತಾನೆ. ಇರುವೆಗೆ ಕಾಣುವುದು ಏನು? ದೋಣಿ ತನ್ನಿಂದ ನೆಟ್ಟಗೆ ದೂರ ಹೋಗುತ್ತಿದೆ, ಅಷ್ಟೇ. 120 ಮೀಟರ್, 120 ಸೆಕೆಂಡು. ಸೆಳೆತ ಎಷ್ಟೇ ಇರಲಿ, ಈ 120 ಬದಲಾಗುವುದಿಲ್ಲ. ಅಷ್ಟು ಹೊತ್ತಿನಲ್ಲಿ ಎಲೆ, ಇರುವೆ, ದೋಣಿ ಎಲ್ಲವೂ 72 ಮೀಟರ್ ಕೆಳಕ್ಕೆ ಹೋಗಿರುತ್ತವೆ. ದಡದಲ್ಲಿ ನಿಂತ ನಿಮಗೆ ದೋಣಿ ಸುಮಾರು 140 ಮೀಟರ್ ಓರೆ ದಾರಿಯಲ್ಲಿ ಹೋದಂತೆ ಕಾಣುತ್ತದೆ. ಆ ಹೆಚ್ಚಿನ ದಾರಿಯನ್ನು ಹೊಳೆಯೇ ದಾಟಿಸಿತು, ಅಂಬಿಗನ ತೋಳಲ್ಲ.

ಎದುರಿನ ಕಲ್ಲಿಗೇ ನೇರ ಹೋಗಿ ಮುಟ್ಟಬೇಕು ಅಂದರೆ ಮೂತಿಯನ್ನು ಸೆಳೆತದ ವಿರುದ್ಧ ಸುಮಾರು 37 ಡಿಗ್ರಿ ತಿರುಗಿಸಬೇಕು. ಆಗ ಸೆಕೆಂಡಿಗೆ 1 ಮೀಟರಿನ ಬಲದಲ್ಲಿ 0.6 ಸೆಳೆತವನ್ನು ತಡೆಯುವುದಕ್ಕೇ ಖರ್ಚು. ದಾಟುವುದಕ್ಕೆ ಉಳಿಯುವುದು 0.8. 120 ಮೀಟರಿಗೆ 150 ಸೆಕೆಂಡು ಬೇಕು. ದಾರಿ 20 ಮೀಟರ್ ಉಳಿಯಿತು, ಹೊತ್ತು ಅರ್ಧ ನಿಮಿಷ ಜಾಸ್ತಿಯಾಯಿತು.

ಮಕ್ಕಳು ಎಡವುವ ಜಾಗ ಒಂದಿದೆ. ಓರೆ ದಾರಿಯ ವೇಗ ಸೆಕೆಂಡಿಗೆ 1.17 ಮೀಟರ್ ಬರುತ್ತದೆ. ಅದರಿಂದ 120 ಮೀಟರನ್ನು ಭಾಗಿಸಿ 103 ಸೆಕೆಂಡು ಅಂತ ಬರೆದುಬಿಡುತ್ತಾರೆ. ಓರೆ ವೇಗಕ್ಕೆ ಓರೆ ದಾರಿಯೇ ಜೋಡಿ: 140ನ್ನು 1.17ರಿಂದ ಭಾಗಿಸಿದರೆ ಮತ್ತೆ 120 ಸೆಕೆಂಡೇ ಬರುತ್ತದೆ. ಉತ್ತರ 120ಕ್ಕಿಂತ ಕಮ್ಮಿ ಬಂತು ಅಂದರೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ.

ಇನ್ನೊಂದು ಮಾತು. ಪುಸ್ತಕ ಹೇಳುವ ಕಡಿಮೆ ಸಮಯ ಆಚೆ ದಡ ಮುಟ್ಟುವ ಸಮಯ ಮಾತ್ರ. ನಿಮ್ಮ ಬಸ್ಸು ಆ ಎದುರಿನ ಕಲ್ಲಿನ ಹತ್ತಿರವೇ ನಿಲ್ಲುತ್ತದೆ ಅಂದರೆ 72 ಮೀಟರ್ ವಾಪಸ್ ನಡೆಯಬೇಕು, ಅದಕ್ಕೆ ಸುಮಾರು ಒಂದು ನಿಮಿಷ. ಒಟ್ಟು 180 ಸೆಕೆಂಡು. ಆಗ ನೇರ ದಾರಿಯೇ ಲೇಸು, ಅಲ್ವಾ?

ಈಗ ನಿಮ್ಮ ಅಂಬಿಗರ ವಿಚಾರ. ಇದು ನನಗೆ ತುಂಬಾ ಇಷ್ಟವಾದ ಭಾಗ. ಮಳೆಗಾಲದಲ್ಲಿ ಸೆಳೆತ ಸೆಕೆಂಡಿಗೆ 1.25 ಮೀಟರ್ ಆಯಿತು ಅನ್ನಿ. ದೋಣಿಯ ವೇಗ ಅದೇ 1. ಇನ್ನು ಮೂತಿ ಎತ್ತ ತಿರುಗಿಸಿದರೂ ನೇರ ದಾಟಲು ಆಗುವುದೇ ಇಲ್ಲ. ಕೆಳಕ್ಕೆ ಹೋಗುವುದು ಖಂಡಿತ, ಎಷ್ಟು ಕಮ್ಮಿ ಹೋಗಬಹುದು ಅನ್ನುವುದಷ್ಟೇ ಕೈಯಲ್ಲಿದೆ. ಮೂತಿ ನೆಟ್ಟಗಿದ್ದರೆ 150 ಮೀಟರ್ ಕೆಳಕ್ಕೆ. 53 ಡಿಗ್ರಿ ಮೇಲಕ್ಕೆ ತಿರುಗಿಸಿದರೆ 90 ಮೀಟರ್, ಆದರೆ 200 ಸೆಕೆಂಡು. ಹಟ ಹಿಡಿದು 70 ಡಿಗ್ರಿ ತಿರುಗಿಸಿದರೆ? ಕೊಚ್ಚಿಹೋಗುವುದು ಮತ್ತೆ 109 ಮೀಟರಿಗೆ ಏರುತ್ತದೆ, ದಾಟಲು ಆರು ನಿಮಿಷದ ಹತ್ತಿರ. ಹೊಳೆಯ ಜೊತೆ ಗುದ್ದಾಡುವುದರಲ್ಲೇ ಬಲವೆಲ್ಲ ಮುಗಿದು, ನಡುನೀರಿನಲ್ಲೇ ಹೊತ್ತು ಹೋಗುತ್ತದೆ.

ಅದಕ್ಕೇ ಅಂಬಿಗ ಕೊಚ್ಚಿಹೋಗುವಷ್ಟು ದೂರವನ್ನು ಮೊದಲೇ ಮೇಲಕ್ಕೆ ಹೋಗಿ ಗಳಿಸಿಕೊಳ್ಳುತ್ತಾನೆ. ಅದೂ ದಡಕ್ಕೆ ಅಂಟಿಕೊಂಡು. ದಡದ ಪಕ್ಕ ನೀರು ಆಳವಿಲ್ಲ, ನೆಲಕ್ಕೆ ಉಜ್ಜಿಕೊಂಡು ಹರಿಯುವುದರಿಂದ ಸೆಳೆತವೂ ಕಮ್ಮಿ. ಹರಿಗೋಲು ಹಗುರ, ಕೆಲವೊಮ್ಮೆ ಹೊತ್ತುಕೊಂಡೇ ನಡೆಯುತ್ತಾರೆ. ಆಮೇಲೆ ನಡುಹೊಳೆಯ ಸೆಳೆತ ಅವನನ್ನು ಬೇಕಾದ ಕಲ್ಲಿಗೇ ತಂದು ಬಿಡುತ್ತದೆ.

ಆ 53 ಡಿಗ್ರಿ ಎಲ್ಲಿಂದ ಬಂತು ಅಂತ ಮಗಳು ಕೇಳಿಯೇ ಕೇಳುತ್ತಾಳೆ. ಕಾಗದದ ಮೇಲೆ ಹೊಳೆಯ ಸೆಳೆತಕ್ಕೆ 12.5 ಸೆಂಟಿಮೀಟರ್ ಬಾಣ ಎಳೆಯಲಿ. ಬಾಣದ ತುದಿಯನ್ನು ಕೇಂದ್ರ ಮಾಡಿಕೊಂಡು 10 ಸೆಂಟಿಮೀಟರ್ ತ್ರಿಜ್ಯದ ವೃತ್ತ ಬರೆಯಲಿ. ದೋಣಿಯ ಮೂತಿ ತಿರುಗಬಹುದಾದ ದಿಕ್ಕುಗಳೆಲ್ಲ ಆ ವೃತ್ತದಲ್ಲಿವೆ. ಈಗ ಬಾಣದ ಬುಡದಿಂದ ವೃತ್ತಕ್ಕೆ ಒಂದು ಸ್ಪರ್ಶಕ ಎಳೆದರೆ, ಅದೇ ದೋಣಿಯ ಅತಿ ಕಡಿಮೆ ದೂರದ ದಾರಿ. ಸ್ಪರ್ಶಕ ಮುಟ್ಟಿದ ಬಿಂದುವಿಗೆ ಕೇಂದ್ರದಿಂದ ಗೆರೆ ಎಳೆದರೆ ಮೂತಿ ಇಡಬೇಕಾದ ದಿಕ್ಕು ಸಿಗುತ್ತದೆ. ಬಾಣಕ್ಕೆ ಲಂಬವಾದ ಗೆರೆಯಿಂದ, ಅಂದರೆ ನೆಟ್ಟಗೆ ದಾಟುವ ದಿಕ್ಕಿನಿಂದ, ಆ ಗೆರೆ ಎಷ್ಟು ಓರೆಯಾಗಿದೆ ಅಂತ ಕೋನಮಾಪಕ ಇಟ್ಟು ಅವಳೇ ಅಳೆಯಲಿ.

— ಸಂ.