ಮಣ್ಣಿನ ಬಿಲ್ಲೆಗೆ ಮಣ್ಣಿನದೇ ಲಕೋಟೆ: ಅಶ್ಶೂರಿನ ವ್ಯಾಪಾರಿಗಳ ಸಾಲಪತ್ರ

“ಮೆಸೊಪೊಟೇಮಿಯಾದವರ ಥರ ಬೆಣೆ ಲಿಪಿಯ ಮಣ್ಣಿನ ಬಿಲ್ಲೆ ಮಾಡಿ, ಒಣಗಿಸಿ, ಮೇಲೆ ಮಣ್ಣಿನ ಲಕೋಟೆ ಹೊದಿಸಿದೆ. ಒಣಗುವಷ್ಟರಲ್ಲಿ ಲಕೋಟೆ ಸೀಳಿಬಿಡ್ತು. ಅವರು ಹೇಗೆ ಮಾಡ್ತಿದ್ರು? ಆವಿಗೆಯಲ್ಲಿ ಸುಡ್ತಿದ್ರಾ? ಎಲ್ಲಿ ಇಡ್ತಿದ್ರು? ಅಷ್ಟು ಕಷ್ಟಪಟ್ಟು ಲಕೋಟೆ ಯಾಕೆ ಬೇಕಿತ್ತು?”

ನಿಮ್ಮ ಫೋಟೋ ನೋಡಿದೆ. ಸೀಳು ಅಂಚಿನ ಉದ್ದಕ್ಕೂ ಹೋಗಿದೆ, ಒಳಗಿನ ಬಿಲ್ಲೆಗೆ ಏನೂ ಆಗಿಲ್ಲ. ಕಾರಣ ಸರಳ. ಹಸಿ ಮಣ್ಣು ಒಣಗುವಾಗ ಕುಗ್ಗುತ್ತದೆ. ಒಳಗಿನ ಬಿಲ್ಲೆ ಆಗಲೇ ಕುಗ್ಗಿ ಮುಗಿದಿದೆ, ಇನ್ನು ಜಗ್ಗುವುದಿಲ್ಲ. ಹೊರಗಿನ ಪದರ ಅದರ ಮೇಲೆ ಬಿಗಿದುಕೊಳ್ಳುತ್ತದೆ, ಬಿಗಿ ತಾಳದೆ ಅಂಚಿನಲ್ಲಿ ಬಿರಿಯುತ್ತದೆ. ಮೇಲಿನ ಕಾಮೆಂಟಿನಲ್ಲಿ ಒಬ್ಬರು ಮೇಡಂ “ನಮ್ಮ ಮನೆ ಗಣಪತಿಗೆ ಸೊಂಡಿಲು ಆಮೇಲೆ ಅಂಟಿಸಿದರೆ ಹೀಗೇ ಬಿರುಕು ಬಿಡುತ್ತೆ, ಗೋಂದು ಹಾಕಿ” ಅಂತ ಬರೆದಿದ್ದಾರೆ. ಮೇಡಂ, ಬಿರುಕಿನ ಕಾರಣ ಒಂದೇ, ಆದರೆ ಇಲ್ಲಿ ಗೋಂದು ಹಾಕಿದರೆ ಕೆಲಸ ಕೆಡುತ್ತದೆ. ಸೊಂಡಿಲು ಅಂಟಬೇಕು, ಲಕೋಟೆ ಅಂಟಬಾರದು. ಒಡೆದಾಗ ಅದು ಬಿಲ್ಲೆಯಿಂದ ಸಲೀಸಾಗಿ ಕಳಚಿ ಬರಬೇಕು.

ಅವರ ಕೈಯಲ್ಲಿ ಅದು ಕಳಚಿ ಬರುತ್ತಿತ್ತು ಅನ್ನುವುದಕ್ಕೆ ಸಾಕ್ಷಿ ಇದೆ. ಒಡೆದ ಹಳೆಯ ಲಕೋಟೆಯ ಚೂರುಗಳನ್ನು ತಿರುಗಿಸಿ ನೋಡಿದರೆ ಒಳಮೈಯಲ್ಲಿ ಬಿಲ್ಲೆಯ ಬರಹ ಕನ್ನಡಿಯಲ್ಲಿ ಕಂಡಂತೆ ಉಬ್ಬಾಗಿ ಮೂಡಿರುತ್ತದೆ. ಅಂದರೆ ಹೊದಿಸುವ ಹೊತ್ತಿಗೆ ಒಳಗಿನದು ಗಟ್ಟಿಯಾಗಿತ್ತು, ಹೊರಗಿನದು ಮೆತ್ತಗಿತ್ತು, ಎರಡೂ ಬೆರೆಯಲಿಲ್ಲ. ನನ್ನ ಕೈಗೆ ಹೊಂದಿದ ಹದ ಹೇಳುತ್ತೇನೆ. ಒಳಗಿನ ಬಿಲ್ಲೆ ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿ ಇರಲಿ, ಆದರೆ ಮುಟ್ಟಿದರೆ ಇನ್ನೂ ತಣ್ಣಗಿರಲಿ. ತಣ್ಣಗಿದೆ ಅಂದರೆ ಒಳಗೆ ಸ್ವಲ್ಪ ತೇವ ಉಳಿದಿದೆ, ಅದೂ ಲಕೋಟೆಯ ಜೊತೆ ಒಂಚೂರು ಕುಗ್ಗುತ್ತದೆ. ಮೇಲೆ ಒಣ ಮಣ್ಣಿನ ಪುಡಿಯನ್ನು ತೆಳ್ಳಗೆ ಸವರಿ. ಲಕೋಟೆಗೆ ತೆಗೆದ ಮಣ್ಣಿಗೆ ಸ್ವಲ್ಪ ನಯವಾದ ಮರಳು ಸೇರಿಸಿದರೆ ಕುಗ್ಗುವುದು ಕಡಿಮೆ. ಚಪ್ಪಟೆ ತಟ್ಟಿ, ಸುತ್ತಿ, ಸೇರುವ ಅಂಚನ್ನು ಬೆರಳಲ್ಲಿ ತಿಕ್ಕಿ ಮುಚ್ಚಿ. ಕೆಲವು ಮಿಲಿಮೀಟರ್ ದಪ್ಪ ಸಾಕು. ನಿಮ್ಮದು ಫೋಟೋದಲ್ಲಿ ಜಾಸ್ತಿ ದಪ್ಪ ಕಾಣುತ್ತಿದೆ. ಆಮೇಲೆ ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿ ನಿಧಾನವಾಗಿ ಒಣಗಿಸಿ, ಫ್ಯಾನ್ ಕೆಳಗೆ ಬೇಡ.

ಬರಹದ ಬಗ್ಗೆ ಒಂದೇ ಮಾತು. ಗೆರೆ ಎಳೆಯಬೇಡಿ, ಒತ್ತಿ. ಲಾಳದ ಕಡ್ಡಿಯ ತುದಿಯನ್ನು ಚೂಪು ಮೂಲೆ ಬರುವ ಹಾಗೆ ಕತ್ತರಿಸಿ, ಆ ಮೂಲೆಯನ್ನು ಮಣ್ಣಿಗೆ ಊರಿ ಎತ್ತಿದರೆ ಬೆಣೆ ತಾನಾಗಿ ಮೂಡುತ್ತದೆ. ಎಳೆದರೆ ಎರಡೂ ಕಡೆ ಮಣ್ಣು ಮೇಲೆದ್ದು ಅಂಚು ಹರಿಯುತ್ತದೆ. ನಿಮ್ಮ ಎರಡನೇ ಸಾಲಿನಲ್ಲಿ ಆಗಿರುವುದು ಅದೇ. ಒಂದು ಮುಖ ತುಂಬಿದ ಮೇಲೆ ಅವರು ಪುಸ್ತಕದ ಹಾಳೆಯ ಹಾಗೆ ಪಕ್ಕಕ್ಕೆ ತಿರುಗಿಸುತ್ತಿರಲಿಲ್ಲ, ಕೆಳ ಅಂಚಿನ ಮೇಲೆ ಮಗುಚುತ್ತಿದ್ದರು. ಹಾಗಾಗಿ ಕೆಳ ಅಂಚಿನಲ್ಲೂ ಸಾಲು ಮುಂದುವರಿಯುತ್ತದೆ.

ಈಗ ಲಕೋಟೆ ಯಾಕೆ ಅನ್ನುವುದು. ಇದಕ್ಕೆ ಅಶ್ಶೂರಿನ ವ್ಯಾಪಾರಿಗಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಟೈಗ್ರಿಸ್ ದಂಡೆಯ ಅಶ್ಶೂರ್ ಪಟ್ಟಣದಿಂದ ಇವರು ತವರ, ಬಟ್ಟೆ ಹೇರಿಕೊಂಡು ಕತ್ತೆಗಳ ಸಾಲಿನಲ್ಲಿ ಸುಮಾರು 1,000 ಕಿ.ಮೀ. ದೂರದ ಕಾನೆಶ್‌ಗೆ ಹೋಗುತ್ತಿದ್ದರು. ಕಾನೆಶ್ ಅಂದರೆ ಈಗಿನ ಟರ್ಕಿಯ ಕುಲ್ತೆಪೆ. ಕ್ರಿ.ಪೂ. 19ನೇ ಶತಮಾನದ ಮಾತು. ಅಲ್ಲಿ ಅವರ ಮನೆಗಳಲ್ಲಿ ಸುಮಾರು 23,000 ಬಿಲ್ಲೆಗಳು ಸಿಕ್ಕಿವೆ. ಪೂಶು-ಕೇನ್ ಎಂಬ ವ್ಯಾಪಾರಿಯ ಹೆಂಡತಿ ಲಮಸ್ಸಿ ಅಶ್ಶೂರಿನಲ್ಲೇ ಇದ್ದು ಬಟ್ಟೆ ನೇಯಿಸಿ ಕಳಿಸುತ್ತಿದ್ದಳು. ಅವಳು ಗಂಡನಿಗೆ ಮಣ್ಣಿನ ಬಿಲ್ಲೆಯಲ್ಲೇ ಬರೆದು ಕಳಿಸಿದ ಕಾಗದಗಳೂ ಉಳಿದಿವೆ.

ಒಂದು ಸಾಲವನ್ನು ಹಿಡಿದುಕೊಂಡು ಹೋಗೋಣ. ಲೆಕ್ಕ ತಿಳಿಯಲಿ ಅಂತ ಮೊತ್ತ ನಾನೇ ಹಾಕಿದ್ದೇನೆ, ಬಡ್ಡಿ ದರ ಮಾತ್ರ ಅಲ್ಲಿ ನಿಜಕ್ಕೂ ನಡೆಯುತ್ತಿದ್ದದ್ದು. ಒಬ್ಬ 20 ಶೆಕೆಲ್ ಬೆಳ್ಳಿ ಸಾಲ ತೆಗೆದುಕೊಂಡ. ಶೆಕೆಲ್ ಅಂದರೆ 8 ಗ್ರಾಂಗಿಂತ ಸ್ವಲ್ಪ ಮೇಲೆ, 60 ಶೆಕೆಲ್‌ಗೆ ಒಂದು ಮಿನಾ. ಅಲ್ಲಿನ ವ್ಯಾಪಾರಿಗಳ ಸಂಘದ ದರ ತಿಂಗಳಿಗೆ ಮಿನಾಕ್ಕೆ ಒಂದೂವರೆ ಶೆಕೆಲ್. ಅಂದರೆ ಇವನ 20 ಶೆಕೆಲ್‌ಗೆ ತಿಂಗಳಿಗೆ ಅರ್ಧ ಶೆಕೆಲ್, ಆರು ತಿಂಗಳು ತಡವಾದರೆ ಮೂರು ಶೆಕೆಲ್. ಅಂಗೈಯಲ್ಲಿ ಹಿಡಿಸುವ ಬಿಲ್ಲೆಯ ಮೇಲೆ ಮೊತ್ತ, ಸಾಲ ಕೊಟ್ಟವನ ಹೆಸರು, ತೆಗೆದುಕೊಂಡವನ ಹೆಸರು, ತಿಂಗಳು, ಗಡುವು, ಬಡ್ಡಿ, ಸಾಕ್ಷಿಗಳು ಎಲ್ಲ ಬರೆಯುತ್ತಿದ್ದರು. ಈ ಬಿಲ್ಲೆಗೆ ಮುದ್ರೆ ಇಲ್ಲ. ಮೇಲೆ ಲಕೋಟೆ ಹೊದಿಸಿ, ಅದರ ಮೇಲೆ ಯಾರ್ಯಾರ ಮುದ್ರೆ ಅಂತ ಬರೆದು, ಸಾಲದ ವಿವರವನ್ನು ಮತ್ತೆ ಬರೆದು, ಸಾಕ್ಷಿಗಳೂ ಸಾಲಗಾರನೂ ತಮ್ಮ ತಮ್ಮ ಉರುಳೆ ಮುದ್ರೆಯನ್ನು ಹಸಿ ಮಣ್ಣಿನ ಮೇಲೆ ಉರುಳಿಸುತ್ತಿದ್ದರು. ಬಿಲ್ಲೆ ಇರುತ್ತಿದ್ದದ್ದು ಸಾಲ ಕೊಟ್ಟವನ ಹತ್ತಿರ.

ಇಲ್ಲಿ ಗಮನಿಸಿ. ಮುದ್ರೆ ಬೇಕಾಗಿದ್ದದ್ದು ಸಾಲಗಾರನದು, ಕೊಟ್ಟವನದಲ್ಲ. ಕೊಟ್ಟವನು ಹೊರಗಿನ 20ನ್ನು 30 ಮಾಡಿದರೆ ಒಳಗಿನ ಬಿಲ್ಲೆ ಬೇರೆ ಹೇಳುತ್ತದೆ. ಒಳಗಿನದನ್ನು ತಿದ್ದಬೇಕಾದರೆ ಲಕೋಟೆ ಒಡೆಯಬೇಕು. ಒಡೆದರೆ ಹೊಸ ಲಕೋಟೆಗೆ ಸಾಲಗಾರನ ಮತ್ತು ಸಾಕ್ಷಿಗಳ ಮುದ್ರೆ ಎಲ್ಲಿಂದ ತರುವುದು? ಸಾಲ ತೀರಿಸಿದ ದಿನ ಬಿಲ್ಲೆಯನ್ನು ಸಾಲಗಾರನಿಗೆ ವಾಪಸ್ ಕೊಡಬೇಕಿತ್ತು. ಆಗ ಅದರ ಕಥೆ ಮುಗಿಯಿತು, ಬಿಲ್ಲೆಯನ್ನು ಕೊಲ್ಲುವುದು ಎಂದೇ ಅವರು ಹೇಳುತ್ತಿದ್ದರು. ಬಿಲ್ಲೆ ಕಳೆದುಹೋಗಿದ್ದರೆ? ಸಾಲ ತೀರಿದೆ ಅಂತ ಬೇರೆ ಪತ್ರ ಬರೆಸಿ, ಹಳೆಯದು ಮುಂದೆ ಎಲ್ಲಾದರೂ ಸಿಕ್ಕರೆ ಅದು ಸುಳ್ಳು ಅಂತ ಅದರಲ್ಲೇ ಸೇರಿಸುತ್ತಿದ್ದರು.

ಹಾಗಾಗಿ ಒಬ್ಬ ವ್ಯಾಪಾರಿಯ ಮನೆಯಲ್ಲಿ ಒಡೆಯದ ಲಕೋಟೆಯ ಸಾಲಪತ್ರ ಸಿಕ್ಕರೆ, ಬಹುಮಟ್ಟಿಗೆ ಆ ಸಾಲ ತೀರಿರಲಿಲ್ಲ ಅಂತ ಅರ್ಥ. ಇಡೀ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ಕಾಗದಗಳ ಲಕೋಟೆ ಉಳಿದಿರುವುದು ಕಡಿಮೆ, ಯಾಕೆಂದರೆ ಓದಲು ಒಡೆಯಲೇಬೇಕು. ಲಮಸ್ಸಿಯ ಕಾಗದ ಬಂದರೆ ಪೂಶು-ಕೇನ್ ಲಕೋಟೆ ಒಡೆದು ಓದಿರುತ್ತಾನೆ. ಸಾಲಪತ್ರವನ್ನು ಸುಮ್ನೆ ಒಡೆಯುವಂತಿಲ್ಲ. ಇನ್ನೊಂದು ಪುಟ್ಟ ವಿಷಯ: ಕಾಗದದಲ್ಲಿ ಜಾಗ ಸಾಲದಿದ್ದರೆ ಚಿಕ್ಕದೊಂದು ಎರಡನೇ ಬಿಲ್ಲೆಯಲ್ಲಿ ಉಳಿದದ್ದನ್ನು ಬರೆದು ಅದೇ ಲಕೋಟೆಯೊಳಗೆ ಸೇರಿಸುತ್ತಿದ್ದರು. ಈಗ ಸಿ.ಟಿ. ಸ್ಕ್ಯಾನ್ ಮಾಡಿ ಒಡೆಯದೆಯೇ ಒಳಗಿನದನ್ನು ಓದುತ್ತಿದ್ದಾರೆ.

ಸುಡುವ ವಿಚಾರಕ್ಕೆ ಬರುತ್ತೇನೆ. “ಎಲ್ಲವನ್ನೂ ಆವಿಗೆಯಲ್ಲಿ ಸುಟ್ಟಿದ್ದಕ್ಕೇ 4,000 ವರ್ಷ ಉಳಿದವು” ಅಂತ ಬರೆದ ಅಣ್ಣನ ಮಾತು ಅರ್ಧ ಸರಿ. ಸುಟ್ಟದ್ದು ಚೆನ್ನಾಗಿ ಉಳಿಯುತ್ತದೆ, ಹೌದು. ಆದರೆ ದಿನನಿತ್ಯದ ಬಿಲ್ಲೆಗಳನ್ನು ಬರೆದವರು ಸುಡುತ್ತಿರಲಿಲ್ಲ, ಒಣಗಿಸುತ್ತಿದ್ದರು ಅಷ್ಟೇ. ಒಣಗಿದ ಮಣ್ಣನ್ನು ನೀರಲ್ಲಿ ನೆನೆಸಿ ಮತ್ತೆ ಬಳಸಬಹುದಲ್ವಾ? ಮೆಸೊಪೊಟೇಮಿಯಾದ ನಿಪ್ಪೂರ್ ಪಟ್ಟಣದ ಒಂದು ಮನೆಯ ಶಾಲೆಯಲ್ಲಿ ಹಳೆಯ ಬಿಲ್ಲೆಗಳನ್ನು ನೆನೆಸಿ ಮಣ್ಣು ಮಾಡುವ ತೊಟ್ಟಿಯೇ ಸಿಕ್ಕಿದೆ, ಹುಡುಗರ ಅಭ್ಯಾಸದ ಬಿಲ್ಲೆಗಳು ಅದರಲ್ಲಿದ್ದವು. ಸುಟ್ಟಿದ್ದರೆ ಆ ತೊಟ್ಟಿಯಿಂದ ಏನೂ ಪ್ರಯೋಜನ ಇರುತ್ತಿರಲಿಲ್ಲ. ಎಷ್ಟೋ ಕಡೆ ಬಿಲ್ಲೆಗಳನ್ನು ಸುಟ್ಟದ್ದು ಊರಿಗೆ ಬಿದ್ದ ಬೆಂಕಿ. ಕ್ರಿ.ಪೂ. 1835ರ ಆಸುಪಾಸಿನಲ್ಲಿ ಕಾನೆಶ್‌ನ ವ್ಯಾಪಾರಿಗಳ ಕೇರಿ ಉರಿದುಹೋಯಿತು. ಕ್ರಿ.ಪೂ. 612ರಲ್ಲಿ ಅಶ್ಶೂರ್ಯರ ರಾಜಧಾನಿ ನಿನೆವೆ ಉರಿಯಿತು.

ಅದೇ ನಿನೆವೆಯಲ್ಲಿದ್ದ ಅರಸ ಅಶ್ಶುರ್‌ಬನಿಪಾಲನ ಗ್ರಂಥಾಲಯದ ಕೆಲವು ಒಳ್ಳೆಯ ಪ್ರತಿಗಳನ್ನು ಬೇಕೆಂದೇ ಸುಟ್ಟಂತೆ ಕಾಣುತ್ತದೆ. ಅವುಗಳಲ್ಲಿ ಸಣ್ಣ ಸಣ್ಣ ತೂತುಗಳಿವೆ. ಸುಡುವಾಗ ಹಬೆ ಹೋಗಲಿ ಅಂತ ಅವನ್ನು ಮಾಡಿದರು ಎಂಬುದು ಹಳೆಯ ವಿವರಣೆ. ನಮ್ಮ ಗುಂಪಿನಲ್ಲಿ ಮ್ಯೂಸಿಯಂ ಕೆಲಸ ಮಾಡಿ ನಿವೃತ್ತರಾದ ಸರ್ ಇದನ್ನು ಒಪ್ಪುವುದಿಲ್ಲ. ಸುಡದ ಬಿಲ್ಲೆಗಳಲ್ಲೂ ತೂತುಗಳಿವೆಯಲ್ಲ, ಅದಕ್ಕೇನು ಹೇಳುತ್ತೀರಿ ಅನ್ನುವುದು ಅವರ ಪ್ರಶ್ನೆ. ಖಾಲಿ ಜಾಗದಲ್ಲಿ ಯಾರೂ ಏನೂ ಸೇರಿಸದಿರಲಿ ಅಂತ ಮಾಡಿರಬಹುದು ಅನ್ನುವವರೂ ಇದ್ದಾರೆ. ನನಗೆ ಸರ್ ಪ್ರಶ್ನೆ ಗಟ್ಟಿ ಅನ್ನಿಸುತ್ತದೆ. ಅವರು ಹೇಳಿದ ಉಪ್ಪಿನ ಮಾತೂ ಮುಖ್ಯ. ನೆಲದ ಉಪ್ಪು ಹೀರಿದ, ಸುಡದ ಬಿಲ್ಲೆ ನೆಲದಿಂದ ಮೇಲೆ ಬಂದು ಒಣಗಿದರೆ ಉಪ್ಪು ಹರಳುಗಟ್ಟಿ ಬರಹದ ಮೈಯನ್ನೇ ಹೊಪ್ಪಳೆಯಾಗಿ ಎಬ್ಬಿಸುತ್ತದೆ. ಮ್ಯೂಸಿಯಂಗಳು ಬಿಲ್ಲೆಗಳನ್ನು ನಿಧಾನವಾಗಿ ಬಿಸಿ ಮಾಡಿ ಸುಟ್ಟು, ನೀರಲ್ಲಿ ನೆನೆಸಿ ಉಪ್ಪು ತೆಗೆಯುತ್ತಿದ್ದದ್ದು ಇದಕ್ಕೇ.

ಇಡುವ ಜಾಗ ಊರಿಂದ ಊರಿಗೆ ಬೇರೆ. ಕಾನೆಶ್‌ನ ಮನೆಗಳಲ್ಲಿ ಗುಡಾಣ, ಬುಟ್ಟಿ, ಪೆಟ್ಟಿಗೆಗಳಲ್ಲಿ ಇಟ್ಟು ಒಳಗೇನಿದೆ ಅಂತ ಮಣ್ಣಿನ ಚೀಟಿ ಕಟ್ಟುತ್ತಿದ್ದರು. ಅದಕ್ಕೂ ಹಿಂದೆ, ಊರ್ ಎಂಬ ಪಟ್ಟಣದ ಅರಸರ ಕಾಲದ ಕಚೇರಿಗಳಲ್ಲೂ ಬಿಲ್ಲೆಯ ಬುಟ್ಟಿಗಳಿಗೆ ದಾರ ಪೋಣಿಸಿದ ಇಂಥದೇ ಚೀಟಿ ಇರುತ್ತಿತ್ತು. ಸಿಪ್ಪರ್ ಊರಿನ ದೇವಸ್ಥಾನದಲ್ಲಿ 1986ರಲ್ಲಿ ಸಿಕ್ಕ ಗ್ರಂಥಾಲಯದಲ್ಲಿ ಗೋಡೆಯಲ್ಲೇ ಗೂಡುಗಳಿದ್ದವು, ಬಿಲ್ಲೆಗಳು ಅವುಗಳೊಳಗೆ ಸಾಲಾಗಿ ನಿಂತಿದ್ದವು.

ಇನ್ನು ನಿಮ್ಮದು. ಮುದ್ರೆ ಇಲ್ಲ ಅಂತ ಚಿಂತೆ ಬೇಡ. ಬಾಬಿಲೋನಿಯಾದಲ್ಲಿ ಮುದ್ರೆ ಇಲ್ಲದವರು ಉಗುರನ್ನೋ ಬಟ್ಟೆಯ ಸೆರಗನ್ನೋ ಒತ್ತುತ್ತಿದ್ದರು. ಮುದ್ರೆ ಹಾಕಲು ಸರಿಯಾದ ಹೊತ್ತು ಲಕೋಟೆ ಬೆರಳಿಗೆ ಅಂಟುವುದು ನಿಂತ ತಕ್ಷಣ. ತಡಮಾಡಿದರೆ ಒತ್ತಿದ ಕಡೆಯೇ ಬಿರುಕು ಶುರುವಾಗುತ್ತದೆ. ಸುಡಲೇಬೇಕು ಅಂತಿದ್ದರೆ ಲಕೋಟೆ ಸಮೇತ ಹಾಕಲು ಅವಸರ ಮಾಡಬೇಡಿ. ಕಾನೆಶ್‌ನವು ಬೆಂಕಿ ತಾಳಿದ್ದು ವರ್ಷಗಟ್ಟಲೆ ಒಣಗಿದ್ದರಿಂದ. ನಿಮ್ಮದರಲ್ಲಿ ಎರಡು ಪದರಗಳ ನಡುವೆ ತೇವ ಸಿಕ್ಕಿಕೊಂಡಿದ್ದರೆ ಹಬೆಗೆ ದಾರಿ ಇರುವುದಿಲ್ಲ, ಸಿಡಿಯುತ್ತದೆ, ಪಕ್ಕದ ಮಡಕೆಗಳನ್ನೂ ಒಡೆಯುತ್ತದೆ. ಅಡುಗೆಮನೆ ತಕ್ಕಡಿಯಲ್ಲಿ ದಿನಾ ತೂಗಿ. ಮೂರ್ನಾಲ್ಕು ದಿನ ಸತತವಾಗಿ ತೂಕ ಇಳಿಯದಿದ್ದರೆ ಒಣಗಿದೆ. ಆಮೇಲೂ ನೀರು ಕುದಿಯುವ ಬಿಸಿಯನ್ನು ದಾಟುವವರೆಗೆ ಬೆಂಕಿಯನ್ನು ತುಂಬಾ ನಿಧಾನವಾಗಿ ಏರಿಸಿ. ಮಣ್ಣು ನೀರಿಗೆ ಕರಗದಂತೆ ಗಟ್ಟಿಯಾಗಲು 600 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಮನೆಯ ಓವನ್‌ನಲ್ಲಿ ಅದು ಆಗುವುದಿಲ್ಲ, ಕುಂಬಾರರ ಆವಿಗೆಯೇ ಬೇಕು. ಮರಳು ಸೇರಿಸಿದ ಲಕೋಟೆ ಹೇಗೆ ಬಂತು ಅಂತ ಇಲ್ಲೇ ಫೋಟೋ ಹಾಕಿ, ಸೇರುವ ಅಂಚು ಕಾಣುವ ಹಾಗೆ.