ಜಿಮ್‌ಗೆ ಹೋಗುವ ತಮ್ಮನ ಬಿಪಿ: ಮೊದಲು ಪಟ್ಟಿ, ಆಮೇಲೆ ಡಬ್ಬ, ಕೊನೆಗೆ ಸೂಜಿ

ಪ್ರಶ್ನೆ: "ನನ್ನ ತಮ್ಮನಿಗೆ 24 ವರ್ಷ, ಕಾರವಾರದಲ್ಲಿ ಜಿಮ್‌ಗೆ ಹೋಗುತ್ತಾನೆ. ರಕ್ತದಾನ ಶಿಬಿರದಲ್ಲಿ ಬಿಪಿ 156/98 ಬಂತೆಂದು ವಾಪಸ್ ಕಳಿಸಿದರು. ಎನರ್ಜಿ ಡ್ರಿಂಕ್, ಪ್ರಿ-ವರ್ಕೌಟ್, ಪ್ರೋಟೀನ್ ಮೂರೂ ತಗೊಳ್ತಾನೆ. ಸ್ಟೀರಾಯ್ಡ್ ಇಲ್ಲ ಅಂತಾನೆ. ಯಾವುದನ್ನು ಬಿಡಿಸಬೇಕು?"

ಅಕ್ಕ, ನಾನು ಕುಮಟಾದಲ್ಲಿ 20 ವರ್ಷಗಳಿಂದ ಔಷಧದ ಅಂಗಡಿ ನಡೆಸುತ್ತಿದ್ದೇನೆ, ಸಂಜೆ ನಾನೂ ಜಿಮ್‌ಗೆ ಹೋಗುತ್ತೇನೆ. ವೈದ್ಯನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಏನನ್ನು ಬಿಡಿಸಬೇಕು ಎನ್ನುವುದಕ್ಕೆ ಮುಂಚೆ, ಶಿಬಿರದಲ್ಲಿ ತೋಳಿಗೆ ಯಾವ ಪಟ್ಟಿ ಸುತ್ತಿದ್ದರು ಎಂದು ತಮ್ಮನನ್ನು ಕೇಳಿ. ಸಾಮಾನ್ಯ ಯಂತ್ರದ ಜೊತೆ ಬರುವ ಪಟ್ಟಿ ಹೆಚ್ಚಾಗಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ ಮಾಡಿದ್ದು. ವರ್ಷಗಟ್ಟಲೆ ಭಾರ ಎತ್ತಿದ ಹುಡುಗರ ತೋಳು 36, 38 ಸೆಂ.ಮೀ. ಇರುತ್ತದೆ. ಅದಕ್ಕೆ ಚಿಕ್ಕ ಪಟ್ಟಿಯನ್ನು ಎಳೆದು ಸುತ್ತಿದರೆ ಯಂತ್ರ ಇರುವುದಕ್ಕಿಂತ ಹೆಚ್ಚಿನ ಅಂಕಿಯನ್ನೇ ತೋರಿಸುತ್ತದೆ. ಹೊಲಿಗೆಯವರ ಟೇಪಿನಿಂದ ಮೇಲ್ತೋಳಿನ ನಡುಭಾಗವನ್ನು ಅಳೆದು, 32 ದಾಟಿದ್ದರೆ ದೊಡ್ಡ ಪಟ್ಟಿಯನ್ನೇ ಕೇಳಿ ತರಿಸಿಕೊಳ್ಳಿ.

ನನ್ನ ಅಂಗಡಿಗೆ ಬಂದಿದ್ದ ಅಂಕೋಲಾ ಕಡೆಯ 26 ವರ್ಷದ ಹುಡುಗನೊಬ್ಬನ ವಿಷಯ ಹೇಳಿದರೆ ಉಳಿದದ್ದು ನಿಮಗೆ ಸುಲಭವಾಗಿ ತಿಳಿಯುತ್ತದೆ. ಅವನು ಜಿಮ್ ಮುಗಿಸಿ, ಬೆವರು ಒರೆಸಿಕೊಳ್ಳುತ್ತಲೇ ತಲೆನೋವಿನ ಮಾತ್ರೆ ಕೇಳಲು ಬಂದಿದ್ದ. ಅಂಗಡಿಯ ಸಾಮಾನ್ಯ ಪಟ್ಟಿಯಲ್ಲಿ 162/98 ಬಂತು. ಐದು ನಿಮಿಷ ಸುಮ್ಮನೆ ಕೂರಿಸಿ, ದೊಡ್ಡ ಪಟ್ಟಿಯಲ್ಲಿ ಅಳೆದಾಗ 152/94ಕ್ಕೆ ಇಳಿಯಿತು. ಇಳಿದರೂ ಆ ವಯಸ್ಸಿಗೆ ಅದು ಹೆಚ್ಚೇ ಆಗಿತ್ತು.

ಹಾಗಾಗಿ ಆ ದಿನ ಹೊಟ್ಟೆಗೆ ಹೋದ ಕೆಫೀನಿನ ಲೆಕ್ಕ ಹಾಕಿದೆವು. ಮಧ್ಯಾಹ್ನ ನಿದ್ದೆ ತಡೆಯಲು ಒಂದು ಎನರ್ಜಿ ಡ್ರಿಂಕ್ ಡಬ್ಬ, 250 ಮಿ.ಲೀ. ಡಬ್ಬದಲ್ಲಿ ಸುಮಾರು 75 ಮಿಲಿಗ್ರಾಂ. ಸಂಜೆ ಪ್ರಿ-ವರ್ಕೌಟ್ ಪುಡಿ ಒಂದೂವರೆ ಚಮಚ. ಚಮಚಕ್ಕೆ 200 ಎಂದು ಚೀಟಿಯಲ್ಲಿ ಇದ್ದುದರಿಂದ ಅದು 300. ಎರಡು ಚಹಾ ಸೇರಿದರೆ 430ರ ಮೇಲಾಯಿತು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಎಂಬುದೇ ಸಾಮಾನ್ಯವಾಗಿ ಹೇಳುವ ಮಿತಿ. ಇವನು ಮುಕ್ಕಾಲು ಪಾಲನ್ನು ಒಂದೇ ಗುಟುಕಿನಲ್ಲಿ ಕುಡಿದು ನೇರವಾಗಿ ಭಾರ ಎತ್ತಲು ಹೋಗಿದ್ದ. ಕೆಫೀನ್ ರಕ್ತನಾಳಗಳನ್ನು ಬಿಗಿಗೊಳಿಸಿ ಬಿಪಿಯನ್ನು ಕೆಲವು ಗಂಟೆ ಏರಿಸುತ್ತದೆ, ಅದರ ಅರ್ಧ ಭಾಗ ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದು ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ, ನಿದ್ದೆ ಕೆಡುತ್ತದೆ, ಕೆಟ್ಟ ನಿದ್ದೆಯ ಮರುದಿನ ಮತ್ತೆ ಡಬ್ಬ ಬೇಕಾಗುತ್ತದೆ. ಪುಡಿಯ ಚೀಟಿಯಲ್ಲಿ ಕೆಫೀನ್ ಮಾತ್ರವಲ್ಲ, ಯೊಹಿಂಬಿನ್, ಸಿನೆಫ್ರಿನ್ ಎಂಬ ಹೆಸರುಗಳಿವೆಯೇ ಎಂದೂ ನೋಡಿ. ಇವೂ ಬಿಪಿ ಏರಿಸಬಲ್ಲವು. ಎಷ್ಟೆಷ್ಟು ಎಂದು ಬಿಡಿಸಿ ಹೇಳದೆ ಎಲ್ಲವನ್ನೂ "ಮಿಶ್ರಣ" ಎಂದು ಒಂದೇ ತೂಕದಲ್ಲಿ ಬರೆದಿದ್ದರೆ ಆ ಡಬ್ಬವನ್ನು ನಾನಂತೂ ಮುಟ್ಟುವುದಿಲ್ಲ.

ಅವನಿಗೆ ಹೇಳಿದ್ದು ಇಷ್ಟೇ. ಡಬ್ಬ ಮತ್ತು ಪುಡಿಯನ್ನು ಹತ್ತು ದಿನ ಪೂರ್ತಿ ನಿಲ್ಲಿಸು, ಮೊದಲ ಎರಡು ಮೂರು ದಿನ ತಲೆನೋವು, ಮಂಕು ಬಂದರೆ ಅದು ಕೆಫೀನ್ ಬಿಟ್ಟದ್ದರಿಂದ ಎಂದು ತಿಳಿ. ಕೊನೆಯ ಏಳು ದಿನ ಬೆಳಿಗ್ಗೆ ಮೂತ್ರವಿಸರ್ಜನೆಯ ನಂತರ, ಚಹಾಕ್ಕೆ ಮುಂಚೆ, ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ನಿಮಿಷದ ಅಂತರದಲ್ಲಿ ಎರಡು ಸಲ ಅಳೆ. ಸಂಜೆ ಜಿಮ್‌ಗೆ ಹೋಗುವ ಮುಂಚೆ ಮತ್ತೆ ಹಾಗೆಯೇ. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆ. ಮನೆಯಲ್ಲಿ ಅಳೆದ ಸರಾಸರಿ 135/85 ಮುಟ್ಟಿದರೆ ಅದನ್ನು ಹೆಚ್ಚೆಂದೇ ಪರಿಗಣಿಸುತ್ತಾರೆ. ನಿಮ್ಮ ತಮ್ಮನಿಗೂ ಇದನ್ನೇ ಮಾಡಿಸಿ. ಸರಾಸರಿ 120ರ ಆಸುಪಾಸಿಗೆ ಇಳಿದರೆ ಉತ್ತರ ಡಬ್ಬದಲ್ಲೇ ಇತ್ತು ಎಂದಾಯಿತು.

ಅಂಕೋಲಾದ ಹುಡುಗನದು ಇಳಿಯಲಿಲ್ಲ. ಸರಾಸರಿ 144/90ರಲ್ಲಿ ನಿಂತಿತು. ಆಗ ನಾನು ಅವನ ಬೆನ್ನು, ಕಾಲು ನೋಡಿದೆ: ಭುಜದ ಹಿಂದೆ ಗಟ್ಟಿ ಮೊಡವೆಗಳು, ಸಾಕ್ಸ್ ತೆಗೆದಾಗ ಪಾದದ ಮೇಲೆ ಅಚ್ಚು ಬಿದ್ದ ಗುರುತು, ಮೊಲೆತೊಟ್ಟಿನ ಹಿಂದೆ ನೋವು ಎಂದು ಅವನೇ ಹೇಳಿದ, ತೂಕ ಒಂದು ತಿಂಗಳಲ್ಲಿ ಐದು ಕೆ.ಜಿ. ಏರಿತ್ತು. "ಸ್ಟೀರಾಯ್ಡ್ ತಗೊಂಡಿದ್ದೀಯಾ" ಎಂದು ಕೇಳಿದ್ದಕ್ಕೆ ಇಲ್ಲ ಎಂದಿದ್ದವನು, "ವಾರಕ್ಕೊಮ್ಮೆ ಎಣ್ಣೆಯ ಸೂಜಿ, ಜೊತೆಗೆ ಹೆಸರಿಲ್ಲದ ಮಾತ್ರೆ ಏನಾದರೂ?" ಎಂದಾಗ ತಲೆ ಕೆಳಗೆ ಹಾಕಿದ. ಜಿಮ್‌ನ ಹಿರಿಯ ಹುಡುಗನೊಬ್ಬ "ಕೋರ್ಸ್" ಎಂದು ಎಂಟು ವಾರ ಕೊಟ್ಟಿದ್ದನಂತೆ. ನಿಮ್ಮ ತಮ್ಮನನ್ನೂ ಆ ಪದ ಹಿಡಿದು ಕೇಳಿ. ಕೋರ್ಸ್, ಸೈಕಲ್ ಎಂದರೆ ಒಪ್ಪುವವರು ಸ್ಟೀರಾಯ್ಡ್ ಎಂದರೆ ಒಪ್ಪುವುದಿಲ್ಲ.

ಸ್ನಾಯು ಬೆಳೆಸಲು ಕೊಡುವ ಈ ಸ್ಟೀರಾಯ್ಡ್‌ಗಳು ಗಂಡು ಹಾರ್ಮೋನಿನ ಜಾತಿಯವು, ಇವು ಉಪ್ಪು ಮತ್ತು ನೀರನ್ನು ದೇಹದಲ್ಲಿ ಹಿಡಿದಿಡುತ್ತವೆ. ನಮ್ಮ ಕಡೆಯ ಒಣಮೀನಿನ ಊಟ ಅದಕ್ಕೆ ಇನ್ನಷ್ಟು ಉಪ್ಪು ಸೇರಿಸುತ್ತದೆ. ಅಷ್ಟೇ ಅಲ್ಲದೆ ಕೆಂಪು ರಕ್ತಕಣಗಳು ಹೆಚ್ಚಿ ರಕ್ತ ಗಟ್ಟಿಯಾಗುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಕುಸಿಯುತ್ತದೆ, ಹೃದಯದ ಗೋಡೆ ದಪ್ಪಗಾಗಬಹುದು. ಫಿಜಿಷಿಯನ್ ಬಳಿಗೆ ಕಳುಹಿಸಿದಾಗ ರಕ್ತದಲ್ಲಿ ಕೆಂಪು ಕಣಗಳ ಪಾಲನ್ನು ಹೇಳುವ ಹೆಮಟೋಕ್ರಿಟ್ ಅವನಿಗೆ 53, ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ 22 ಬಂತು, ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಗೋಡೆ ಸ್ವಲ್ಪ ದಪ್ಪ ಎಂದು ಬರೆದರು. ಎಲ್ಲವನ್ನೂ ನಿಲ್ಲಿಸಿದ ನಾಲ್ಕು ತಿಂಗಳ ನಂತರ ಬಿಪಿ 132/84, ಎಚ್‌ಡಿಎಲ್ 38. ಆದರೆ ಆ ನಾಲ್ಕು ತಿಂಗಳು ಅವನಿಗೆ ಕಠಿಣವಾಗಿದ್ದವು. ಹೊರಗಿನ ಹಾರ್ಮೋನ್ ಬಂದಾಗ ದೇಹ ತನ್ನದನ್ನು ತಯಾರಿಸುವುದನ್ನು ನಿಲ್ಲಿಸಿರುತ್ತದೆ, ಮತ್ತೆ ಶುರುವಾಗಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಸುಸ್ತು, ಬೇಸರ, ಯಾವುದರಲ್ಲೂ ಆಸೆಯಿಲ್ಲದ ಸ್ಥಿತಿ. ಅನೇಕರು ಇದನ್ನು ತಾಳಲಾರದೆ ಮತ್ತೆ ಸೂಜಿಗೆ ಮರಳುತ್ತಾರೆ. ಆದ್ದರಿಂದ ಬಿಡುವಾಗಲೂ ವೈದ್ಯರು ಜೊತೆಗಿರಲಿ.

ಇದೇ ಪ್ರಶ್ನೆಗೆ ಉತ್ತರಿಸಿದ ಹೊನ್ನಾವರದ ಸ್ನೇಹಿತರು ಪ್ರೋಟೀನ್ ಪುಡಿಯೇ ಎಲ್ಲಕ್ಕೂ ಮೂಲ ಎಂದಿದ್ದಾರೆ. ಅರ್ಧ ಒಪ್ಪುತ್ತೇನೆ. ವೇ ಪ್ರೋಟೀನ್ ಹಾಲಿನದೇ ಅಂಶ, ಅದರಿಂದ ಬಿಪಿ ಏರುವುದಿಲ್ಲ. ಆದರೆ ಡಬ್ಬದೊಳಗೆ ಬರೆದದ್ದಷ್ಟೇ ಇರುತ್ತದೆ ಎನ್ನುವಂತಿಲ್ಲ: 2004ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ 634 ಪೂರಕಗಳನ್ನು ಪರೀಕ್ಷಿಸಿದಾಗ ಸುಮಾರು 15 ಶೇಕಡಾದಲ್ಲಿ ಚೀಟಿಯಲ್ಲಿಲ್ಲದ ಸ್ಟೀರಾಯ್ಡ್ ಅಂಶ ಸಿಕ್ಕಿತ್ತು. ಹಾಗಾಗಿ ನಿಮ್ಮ ತಮ್ಮ ಸುಳ್ಳು ಹೇಳುತ್ತಿಲ್ಲದೆಯೂ ಇರಬಹುದು.

ಸಿದ್ದಾಪುರದ ಅಮ್ಮ, ನಿಮ್ಮ ಉಬ್ಬಸದ ಸ್ಟೀರಾಯ್ಡ್ ಮಾತ್ರೆ ನಿಲ್ಲಿಸಲೇ ಎಂದು ನೀವೂ ಇಲ್ಲಿ ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ಅದು ಬೇರೆ ಜಾತಿಯ ಸ್ಟೀರಾಯ್ಡ್. ಅದೂ ಬಿಪಿ ಏರಿಸಬಹುದಾದರೂ, ಬಹುದಿನ ತೆಗೆದುಕೊಂಡದ್ದನ್ನು ಥಟ್ಟನೆ ಬಿಟ್ಟರೆ ಅಪಾಯವೇ ಹೆಚ್ಚು. ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ಅಕ್ಕ, ಈ ಏಳು ದಿನಗಳಲ್ಲಿ ಎಂದಾದರೂ ಮೇಲಿನ ಅಂಕಿ 180 ದಾಟಿದರೆ, ಅಥವಾ ಕೆಳಗಿನದು 120 ದಾಟಿದರೆ, ಐದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಆಗಲೂ ಹಾಗೇ ಇದ್ದರೆ ಅದೇ ದಿನ ವೈದ್ಯರನ್ನು ಕಾಣಿ. ಜೊತೆಗೆ ಎದೆನೋವು, ಉಸಿರುಗಟ್ಟುವುದು, ಕಣ್ಣು ಮಂಜಾಗುವುದು ಇದ್ದರೆ ಅಳೆಯುತ್ತ ಕೂರದೆ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಹಾಗೇನೂ ಇಲ್ಲದಿದ್ದರೆ ಏಳು ದಿನದ ಅಂಕಿ, ತೋಳಿನ ಅಳತೆ ಮತ್ತು ಪ್ರಿ-ವರ್ಕೌಟ್ ಡಬ್ಬದ ಹಿಂಬದಿಯ ಫೋಟೋವನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಅಂಕೋಲಾದ ಹುಡುಗನ ಹೃದಯದ ಗೋಡೆ ಪೂರ್ತಿ ಮೊದಲಿನಂತಾಗುತ್ತದೆಯೇ ಎಂಬುದನ್ನು ಅವನ ವೈದ್ಯರೂ ಇನ್ನೂ ಹೇಳಿಲ್ಲ. ಮುಂದಿನ ಎಕೋ ದೀಪಾವಳಿಯ ನಂತರ ಇದೆ.