ಹೃದಯದಲ್ಲಿ ಬಿಳಿ ಚುಕ್ಕೆ, ಗಿಡ್ಡ ತೊಡೆಮೂಳೆ: ಐದನೇ ತಿಂಗಳ ಸ್ಕ್ಯಾನ್ ವರದಿಯ ಒಂದು ಪ್ರಕರಣ

ಈ ಪ್ರಕರಣದಲ್ಲಿ ಹೆಸರು, ಊರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಆಕೆಯನ್ನು ಸವಿತಾ ಎಂದು ಕರೆಯುತ್ತೇನೆ. ವಯಸ್ಸು 27, ಮೊದಲ ಬಸಿರು. ಮಗುವಿನ ಅಂಗಾಂಗಗಳಲ್ಲಿ ನ್ಯೂನತೆ ಇದೆಯೇ ಎಂದು ನೋಡುವ ಅನಾಮಲಿ ಸ್ಕ್ಯಾನ್ ಆದಾಗ ತುಂಬಿದ್ದು 20 ವಾರ 3 ದಿನ. ಸ್ಕ್ಯಾನ್ ಆದ ಮರುದಿನವೇ ಗಂಡ ಮತ್ತು ಅತ್ತೆಯ ಜೊತೆ ಸಲಹೆ ಕೇಳಲು ನನ್ನ ಬಳಿ ಬಂದಿದ್ದರು. ವರದಿಯಲ್ಲಿ ಎರಡು ಸಾಲುಗಳ ಕೆಳಗೆ ಯಾರೋ ಪೆನ್ನಿನಿಂದ ಗೆರೆ ಎಳೆದಿದ್ದರು. ಒಂದು, ಹೃದಯದ ಎಡ ಕೆಳಕೋಣೆಯಲ್ಲಿ ‘ಎಕೋಜೆನಿಕ್ ಫೋಕಸ್’, ಅಂದರೆ ಬೆಳ್ಳಗೆ ಹೊಳೆಯುವ ಚುಕ್ಕೆ, ಕಂಡಿದೆ ಎಂಬುದು. ಇನ್ನೊಂದು, ತೊಡೆಮೂಳೆ 31 ಮಿಲಿಮೀಟರ್, ಅದರ ಎದುರಿಗೆ 19 ವಾರ 4 ದಿನ ಎಂಬುದು. ಕೊನೆಯಲ್ಲಿ ಸ್ಕ್ಯಾನ್ ವೈದ್ಯರು ‘ಇದು ಸಾಫ್ಟ್ ಮಾರ್ಕರ್, ಹಿಂದಿನ ಪರೀಕ್ಷೆಗಳೊಂದಿಗೆ ಹೋಲಿಸಿ ನೋಡಬೇಕು, ಆಪ್ತಸಲಹೆ ಪಡೆಯಿರಿ’ ಎಂದು ಬರೆದಿದ್ದರು. ಸಾಫ್ಟ್ ಮಾರ್ಕರ್ ಎಂದರೆ ತಾನೇ ನ್ಯೂನತೆಯಲ್ಲದ, ವರ್ಣತಂತುಗಳ ತೊಂದರೆಯ ಸಾಧ್ಯತೆ ಅಂದಾಜಿಸಲು ನೋಡುವ ಸಣ್ಣ ಗುರುತು.

ಒಂದೇ ರಾತ್ರಿಯಲ್ಲಿ ಆ ಎರಡು ಸಾಲುಗಳು ಬೆಳೆದು ಬೇರೆಯೇ ಆಗಿದ್ದವು. ಪರಿಚಯದವರೊಬ್ಬರು ಅದು ಹೃದಯದ ತೂತು ಎಂದಿದ್ದರು. ಗಂಡ ಮೊಬೈಲಿನಲ್ಲಿ ಹುಡುಕಿದಾಗ ಡೌನ್ ಸಿಂಡ್ರೋಮ್ ಎಂಬ, ವರ್ಣತಂತು ಹೆಚ್ಚಾಗಿರುವುದರಿಂದ ಬರುವ ಸ್ಥಿತಿಯ ಹೆಸರು ಸಿಕ್ಕಿತ್ತು. ಕುಳಿತ ಕೂಡಲೇ ಅತ್ತೆ ಕೇಳಿದರು: “ಎದೆಯಲ್ಲಿ ತೂತಿರುವ ಮಗುವನ್ನು ಹೆತ್ತು ನರಳಿಸುವುದು ಸರಿಯೇ ತಾಯಿ? ಈಗಲೇ ತೆಗೆಸುವುದಾದರೆ ಎಷ್ಟು ದಿನ ಇದೆ?” ಸವಿತಾ ತಲೆ ಎತ್ತಲಿಲ್ಲ. ಆ ಪ್ರಶ್ನೆಯನ್ನು ನಾನು ಬದಿಗೆ ಸರಿಸಲಿಲ್ಲ. “ಅಮ್ಮ, ಮೊದಲು ಈ ಕಾಗದ ಏನು ಹೇಳುತ್ತಿದೆ ಎಂದು ಪೂರ್ತಿ ಓದೋಣ. ಆಮೇಲೆ ನಿಮ್ಮ ಪ್ರಶ್ನೆಗೇ ಉತ್ತರ ಕೊಡುತ್ತೇನೆ” ಎಂದೆ.

ಅಳತೆಗಳಿಂದ ಶುರು ಮಾಡಿದೆವು. ತಲೆಯ ಸುತ್ತಳತೆ 178 ಮಿಲಿಮೀಟರ್, ಎದುರಿಗೆ 20 ವಾರ 2 ದಿನ. ಹೊಟ್ಟೆಯ ಸುತ್ತಳತೆ 154, ಎದುರಿಗೆ 20 ವಾರ 4 ದಿನ. ತೊಡೆಮೂಳೆಗೆ 19 ವಾರ 4 ದಿನ. ಮಗುವಿನ ಕಾಲು ಆರು ದಿನ ಹಿಂದೆ ಬಿದ್ದಿದೆ, ಬೆಳವಣಿಗೆ ನಿಂತಿದೆ ಎಂದು ಮನೆಯವರು ಓದಿಕೊಂಡಿದ್ದರು. ಈ ವಾರಗಳು ಮಗುವಿನ ವಯಸ್ಸಲ್ಲ. ಇಷ್ಟು ಉದ್ದದ ಮೂಳೆ ಸರಾಸರಿ ಮಗುವಿಗೆ ಯಾವ ವಾರದಲ್ಲಿ ಇರುತ್ತದೆ ಎಂಬುದನ್ನು ಯಂತ್ರ ತನ್ನೊಳಗಿನ ಕೋಷ್ಟಕ ನೋಡಿ ಮುದ್ರಿಸುತ್ತದೆ, ಅಷ್ಟೇ. ಐದನೇ ತಿಂಗಳಲ್ಲಿ ತೊಡೆಮೂಳೆ ವಾರಕ್ಕೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ. ಹಾಗಾಗಿ ಪರದೆಯ ಮೇಲೆ ಅಳತೆಯ ಗುರುತು ಒಂದು ಮಿಲಿಮೀಟರ್ ಆಚೀಚೆ ಆದರೂ ಕಾಗದದಲ್ಲಿ ಎರಡು ಮೂರು ದಿನ ಬದಲಾಗಿಬಿಡುತ್ತದೆ.

ಮಗುವಿನ ನಿಜವಾದ ವಾರ ಗೊತ್ತಾಗುವುದು ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನ್‌ನಿಂದ. ಸವಿತಾ ಅದನ್ನು 12ನೇ ವಾರದಲ್ಲಿ ಮಾಡಿಸಿದ್ದರು. ಆಗ ತಲೆಯಿಂದ ಪೃಷ್ಠದವರೆಗೆ ಅಳೆದ ಉದ್ದವೂ ಮುಟ್ಟಿನ ದಿನಾಂಕವೂ ಎರಡೇ ದಿನಗಳ ಅಂತರದಲ್ಲಿ ಹೊಂದಿದ್ದವು. ಹೆರಿಗೆಯ ದಿನಾಂಕ ಆಗಲೇ ನಿಶ್ಚಯವಾಗಿತ್ತು. ಈಗಿನ ವರದಿಯಲ್ಲಿ ‘ಸ್ಕ್ಯಾನ್ ಪ್ರಕಾರ’ ಎಂದು ಇನ್ನೊಂದು ದಿನಾಂಕವೂ ಇತ್ತು. ಅದನ್ನು ತಾಯಿ ಕಾರ್ಡಿನಲ್ಲಿ ಬರೆಸಬೇಡಿ ಎಂದು ಹೇಳಿದೆ. ಐದನೇ ತಿಂಗಳ ನಂತರದ ಅಳತೆಗಳಿಂದ ದಿನಾಂಕ ಬದಲಿಸಿದರೆ ನಿಜವಾಗಿಯೂ ಚಿಕ್ಕದಾಗಿರುವ ಮಗು ಕಾಗದದ ಮೇಲೆ ಸರಿಯಾಗಿ ಕಾಣತೊಡಗುತ್ತದೆ. ಅಪಾಯ ಇರುವುದು ಅಲ್ಲಿ.

ತೊಡೆಮೂಳೆ ನಿಜಕ್ಕೂ ಗಿಡ್ಡವೇ ಎಂದು ತಿಳಿಯಲು ನೋಡಬೇಕಾದದ್ದು ಪರ್ಸೆಂಟೈಲ್. ಇದೇ ವಾರದ ನೂರು ಆರೋಗ್ಯವಂತ ಮಕ್ಕಳನ್ನು ಮೂಳೆಯ ಉದ್ದದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಈ ಮಗು ಗಿಡ್ಡದ ಕಡೆಯಿಂದ ಸುಮಾರು ಹತ್ತನೆಯದು. ಐದಕ್ಕಿಂತ ಕೆಳಗಿದ್ದರೆ ಮಾತ್ರ ಸಾಮಾನ್ಯವಾಗಿ ಗಿಡ್ಡ ಎಂದು ಗುರುತಿಸುತ್ತೇವೆ. ಸವಿತಾ ಎತ್ತರ ಐದು ಅಡಿಗಿಂತ ಕಡಿಮೆ, ಗಂಡನೂ ಎತ್ತರದವರಲ್ಲ. ಹೊರದೇಶದ ಮಕ್ಕಳನ್ನು ಅಳೆದು ಮಾಡಿದ ಕೋಷ್ಟಕವನ್ನು ಯಂತ್ರದಲ್ಲಿಟ್ಟು ನೋಡಿದಾಗ ನಮ್ಮ ಕಡೆಯ ಮಕ್ಕಳ ಮೂಳೆ ಸ್ವಲ್ಪ ಗಿಡ್ಡವಾಗಿ ಕಾಣುವುದು ಮಾಮೂಲು. ವರದಿಯಲ್ಲಿ ಮೂಳೆ ನೇರವಾಗಿದೆ, ಬಾಗಿಲ್ಲ, ಕೈಕಾಲುಗಳ ಉಳಿದ ಮೂಳೆಗಳು ಮತ್ತು ಎದೆಗೂಡು ಸಹಜವಾಗಿವೆ ಎಂದೂ ಬರೆದಿತ್ತು. ಮೂಳೆಯ ಕಾಯಿಲೆ ಇದ್ದಿದ್ದರೆ ಸಾಮಾನ್ಯವಾಗಿ ಇಲ್ಲಿ ಏನಾದರೂ ಸುಳಿವು ಸಿಗುತ್ತಿತ್ತು.

ನೀರಿನ ಬಗ್ಗೆ ಯಾರೂ ಗೆರೆ ಎಳೆದಿರಲಿಲ್ಲ, ಆದರೆ ನನಗೆ ಆ ಸಾಲು ಮುಖ್ಯ. ಅತ್ಯಂತ ಆಳದ ನೀರಿನ ಜಾಗ 4.6 ಸೆಂಟಿಮೀಟರ್ ಇತ್ತು. ಎರಡರಿಂದ ಎಂಟರವರೆಗೆ ಸಹಜ. ನಾಲ್ಕನೇ ತಿಂಗಳು ದಾಟಿದ ಮೇಲೆ ಗರ್ಭನೀರಿನ ಬಹುಪಾಲು ಮಗುವಿನ ಮೂತ್ರವೇ. ಮಗು ಅದನ್ನೇ ನುಂಗುತ್ತದೆ, ಮತ್ತೆ ಹೊರಬಿಡುತ್ತದೆ. ನೀರು ಸರಿಯಾಗಿದೆ ಎಂದರೆ ಮೂತ್ರಪಿಂಡಗಳು ಕೆಲಸ ಮಾಡುತ್ತಿವೆ, ಮೂತ್ರದ ದಾರಿ ತೆರೆದಿದೆ ಎಂದಾಗುತ್ತದೆ. ಜೊತೆಗೆ ಹೊಟ್ಟೆಯ ಚೀಲ ತುಂಬಿರುವುದೂ ಕಂಡಿದ್ದರಿಂದ ನುಂಗುವಿಕೆಯೂ ನಡೆದಿದೆ ಎನ್ನಬಹುದು. ಎಳನೀರು ಹೆಚ್ಚು ಕುಡಿಸಬೇಕೇ ಎಂದು ಅತ್ತೆ ಕೇಳಿದರು. ಇಷ್ಟವಿದ್ದರೆ ಕುಡಿಯಲಿ, ನೀರು ಕಡಿಮೆ ಇದೆಯೆಂದು ಕುಡಿಸುವ ಅಗತ್ಯವಿಲ್ಲ ಎಂದೆ.

ಇನ್ನು ಬಿಳಿ ಚುಕ್ಕೆ. ಹೃದಯದ ಕೆಳಕೋಣೆಯಲ್ಲಿ ಕವಾಟದ ಎಳೆಗಳನ್ನು ಹಿಡಿದಿರುವ ಪುಟ್ಟ ಸ್ನಾಯು ಇರುತ್ತದೆ. ಅದರಲ್ಲಿ ಸ್ವಲ್ಪ ಸುಣ್ಣದಂಶ ಸೇರಿದಾಗ ಸ್ಕ್ಯಾನ್‌ನಲ್ಲಿ ಮೂಳೆಯಷ್ಟೇ ಬೆಳ್ಳಗೆ ಹೊಳೆಯುತ್ತದೆ. ಅದು ತೂತಲ್ಲ, ಗಡ್ಡೆಯಲ್ಲ, ಹೃದಯದ ಬಡಿತಕ್ಕೂ ರಕ್ತದ ಓಟಕ್ಕೂ ಅದರಿಂದ ತೊಂದರೆ ಇಲ್ಲ. ನೂರು ಸಹಜ ಬಸಿರುಗಳಲ್ಲಿ ಮೂರರಿಂದ ಐದರಲ್ಲಿ ಇದು ಕಾಣುತ್ತದೆ, ಏಷ್ಯಾ ಮೂಲದ ತಾಯಂದಿರಲ್ಲಿ ಇನ್ನೂ ಹೆಚ್ಚು. ತೂತು ಇದೆಯೇ ಎಂಬ ಪ್ರಶ್ನೆಗೆ ಉತ್ತರ ಅದೇ ಪುಟದ ಬೇರೆ ಸಾಲಿನಲ್ಲಿತ್ತು: ನಾಲ್ಕು ಕೋಣೆಗಳು ಸಹಜ, ಹೊರಹೋಗುವ ಎರಡು ದೊಡ್ಡ ರಕ್ತನಾಳಗಳು ಸಹಜ. ಆ ಸಾಲಿನ ಮೇಲೆ ಬೆರಳಿಟ್ಟು ಗಂಡನ ಕೈಲಿ ಗಟ್ಟಿಯಾಗಿ ಓದಿಸಿದೆ. ಅತ್ತೆಗೆ ಅದು ನನ್ನ ಬಾಯಿಂದ ಬರುವುದಕ್ಕಿಂತ ಮಗನ ಬಾಯಿಂದ ಬರುವುದು ಒಳ್ಳೆಯದು ಎಂದು ನನಗೆ ಅನ್ನಿಸಿತು.

ಹಾಗಾದರೆ ನಿರಪಾಯದ ಚುಕ್ಕೆಯನ್ನು ವರದಿಯಲ್ಲಿ ಬರೆಯುವುದೇಕೆ? ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಇದು ಬೇರೆ ಮಕ್ಕಳಿಗಿಂತ ಹೆಚ್ಚು ಬಾರಿ ಕಾಣುತ್ತದೆ. ಆದರೆ ಆ ಮಕ್ಕಳಲ್ಲಿ ಹಲವರಿಗೆ ಚುಕ್ಕೆಯ ಜೊತೆ ಬೇರೆ ಬದಲಾವಣೆಗಳೂ ಇರುತ್ತವೆ. ಬೇರೇನೂ ಇಲ್ಲದೆ ಚುಕ್ಕೆಯೊಂದೇ ಇದ್ದಾಗ ಲೆಕ್ಕ ಹಾಕಿದವರಿಗೆ ಕಂಡದ್ದು, ಅದು ಮೊದಲಿದ್ದ ಸಾಧ್ಯತೆಯನ್ನು ಹೆಚ್ಚೂಕಡಿಮೆ ಒಂದರಿಂದ ಗುಣಿಸುತ್ತದೆ ಎಂದು. ಅಂದರೆ ಸಾಧ್ಯತೆ ಇದ್ದಲ್ಲೇ ಇರುತ್ತದೆ. ಆದ್ದರಿಂದ ನಿಜವಾದ ಪ್ರಶ್ನೆ ಚುಕ್ಕೆಯದ್ದಲ್ಲ, ಮೊದಲು ಸಾಧ್ಯತೆ ಎಷ್ಟಿತ್ತು ಎಂಬುದು.

ಅದಕ್ಕೆ ಚೀಲದ ತಳದಲ್ಲಿದ್ದ ಹಳೆಯ ಕಾಗದ ಬೇಕಾಯಿತು. 12ನೇ ವಾರದಲ್ಲಿ ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ರಕ್ತಪರೀಕ್ಷೆ ಎರಡೂ ಆಗಿದ್ದವು. ಮಗುವಿನ ಕುತ್ತಿಗೆಯ ಹಿಂದಿನ ನೀರಿನ ಪದರ 1.3 ಮಿಲಿಮೀಟರ್, ಮೂಗಿನ ಮೂಳೆ ಕಂಡಿತ್ತು. ಎಲ್ಲ ಸೇರಿಸಿದ ಲೆಕ್ಕ: ಡೌನ್ ಸಿಂಡ್ರೋಮ್ ಸಾಧ್ಯತೆ 6,200ರಲ್ಲಿ ಒಂದು. ಚುಕ್ಕೆ ಕಂಡ ಮೇಲೂ 6,200ರಲ್ಲಿ ಒಂದೇ.

ಗಂಡ ಅಷ್ಟಕ್ಕೆ ಒಪ್ಪಲಿಲ್ಲ. “ಖರ್ಚಾದರೂ ಪರವಾಗಿಲ್ಲ ಮೇಡಂ, ಗರ್ಭದ ನೀರು ತೆಗೆದು ಪರೀಕ್ಷೆ ಮಾಡಿಸಿಬಿಡೋಣ” ಎಂದರು. ಆ ಪರೀಕ್ಷೆ ವರ್ಣತಂತುಗಳ ಬಗ್ಗೆ ಖಚಿತ ಉತ್ತರ ಕೊಡುತ್ತದೆ ಎಂಬುದು ನಿಜ. ಆದರೆ ಸೂಜಿ ಹಾಕುವುದರಿಂದ ಗರ್ಭಪಾತವಾಗುವ ಸಣ್ಣ ಅಪಾಯವಿದೆ. ಅದನ್ನು ಸಾವಿರದಲ್ಲಿ ಒಂದು ಎಂದೇ ಹಿಡಿದರೂ, ನೀವು ಹುಡುಕುತ್ತಿರುವ ತೊಂದರೆಗಿಂತ ಆರು ಪಟ್ಟು ದೊಡ್ಡ ಅಪಾಯವನ್ನು ಮಗುವಿನ ಮೇಲೆ ಹಾಕಿದಂತಾಗುತ್ತದೆ ಎಂದು ಬರೆದು ತೋರಿಸಿದೆ. ಅವರು ಆ ಎರಡು ಅಂಕಿಗಳನ್ನು ಬಹಳ ಹೊತ್ತು ನೋಡಿದರು. ತಾಯಿಯ ರಕ್ತದಿಂದಲೇ ಮಗುವಿನ ವರ್ಣತಂತುಗಳನ್ನು ಅಂದಾಜಿಸುವ ಎನ್‌ಐಪಿಟಿ ರಕ್ತಪರೀಕ್ಷೆಯಲ್ಲಿ ಗರ್ಭಕ್ಕೆ ಸೂಜಿಯ ಅಪಾಯವಿಲ್ಲ. ಆದರೆ ಈ ಚುಕ್ಕೆಯ ಕಾರಣಕ್ಕೆ ಅದೂ ಬೇಕಿಲ್ಲ, ಚುಕ್ಕೆಗಾಗಿ ಹೃದಯದ ವಿಶೇಷ ಸ್ಕ್ಯಾನ್ ಕೂಡ ಬೇಕಿಲ್ಲ ಎಂದು ಹೇಳಿದೆ.

ಅತ್ತೆಯ ಪ್ರಶ್ನೆಗೆ ಆಗ ಮರಳಿದೆ. ಗರ್ಭಪಾತದ ಕಾನೂನಿಗೆ 2021ರಲ್ಲಿ ತಿದ್ದುಪಡಿಯಾದ ಮೇಲೆ, ಮಗುವಿಗೆ ಗಂಭೀರ ನ್ಯೂನತೆ ಇದೆಯೆಂದು ವೈದ್ಯಕೀಯ ಮಂಡಳಿ ಒಪ್ಪಿದರೆ 24 ವಾರಗಳ ನಂತರವೂ ಅವಕಾಶವಿದೆ. ಹಾಗಾಗಿ ಗಡುವಿಗೆ ಹೆದರಿ ಈ ವಾರವೇ ಏನಾದರೂ ಮಾಡಿಬಿಡಬೇಕೆಂಬ ಒತ್ತಡ ಬೇಡ. ಅದಕ್ಕಿಂತ ಮುಖ್ಯವಾಗಿ, ಈ ವರದಿಯಲ್ಲಿ ನ್ಯೂನತೆಯೇ ಇಲ್ಲ. “ಅಮ್ಮ, ಇದರಲ್ಲಿ ತೆಗೆಸಬೇಕಾದ ಕಾರಣ ಯಾವುದೂ ನನಗೆ ಕಾಣುತ್ತಿಲ್ಲ” ಎಂದು ಸ್ಪಷ್ಟವಾಗಿ ಹೇಳಿದೆ. ಇಂಥಲ್ಲಿ ಸುತ್ತಿ ಬಳಸಿ ಮಾತನಾಡಿದರೆ ಮನೆಯವರು ಸಂಶಯವನ್ನೇ ಮನೆಗೆ ಒಯ್ಯುತ್ತಾರೆ.

ಸವಿತಾ ಆಗ ಮೊದಲ ಬಾರಿ ಬಾಯಿ ಬಿಟ್ಟರು: “ಹಾಗಾದರೆ ಮಗುವಿಗೆ ಏನೂ ಇಲ್ಲ ಎಂದು ಖಂಡಿತ ಹೇಳಬಹುದಾ ಮೇಡಂ?” ಅಷ್ಟನ್ನು ಹೇಳಲಾಗದು. ಡೌನ್ ಸಿಂಡ್ರೋಮ್ ಇರುವ ಎಷ್ಟೋ ಮಕ್ಕಳ ಐದನೇ ತಿಂಗಳ ಸ್ಕ್ಯಾನ್ ಪೂರ್ತಿ ಸಹಜವಾಗಿರುತ್ತದೆ. ಸಣ್ಣ ಹೃದಯತೂತುಗಳು ಈ ಸ್ಕ್ಯಾನ್‌ಗೆ ಸಿಗದೆ ಹೋಗಬಹುದು. ಕಿವುಡುತನ, ಬುದ್ಧಿಯ ಬೆಳವಣಿಗೆ ಇದರಲ್ಲಿ ಕಾಣುವಂಥವಲ್ಲ. “ನಿನ್ನೆ ಸ್ಕ್ಯಾನ್‌ಗೆ ಹೋಗುವ ಮೊದಲು ನಿಮಗೆ ಎಷ್ಟು ಧೈರ್ಯವಿತ್ತೋ ಇವತ್ತೂ ಅಷ್ಟೇ ಧೈರ್ಯ ಇಟ್ಟುಕೊಳ್ಳಲು ಕಾರಣವಿದೆ. ಚುಕ್ಕೆ ಅದನ್ನು ಕಡಿಮೆ ಮಾಡಿಲ್ಲ” ಎಂದೆ.

ಇದೇ ಚುಕ್ಕೆ 38 ವರ್ಷದ, ಹಿಂದೆ ಯಾವ ಪರೀಕ್ಷೆಯನ್ನೂ ಮಾಡಿಸದ ತಾಯಿಯ ವರದಿಯಲ್ಲಿ ಕಂಡಿದ್ದರೆ ನನ್ನ ಸಲಹೆ ಬೇರೆಯಾಗುತ್ತಿತ್ತು. ಚುಕ್ಕೆ ಆಕೆಗೂ ಸಾಧ್ಯತೆಯನ್ನು ಹೆಚ್ಚಿಸದು. ಆದರೆ ವಯಸ್ಸಿನಿಂದಲೇ ಸುಮಾರು 150ರಲ್ಲಿ ಒಂದರಷ್ಟು ಸಾಧ್ಯತೆ ಇರುವುದರಿಂದ, ತಪ್ಪಿಹೋದ ರಕ್ತಪರೀಕ್ಷೆಯನ್ನು ಈಗಲಾದರೂ ಮಾಡಿಸಲು ಹೇಳುತ್ತಿದ್ದೆ. ಸಾಫ್ಟ್ ಮಾರ್ಕರ್ ಎಂದು ಕರೆಯುವ ಎಲ್ಲವೂ ಒಂದೇ ತೂಕದ್ದೂ ಅಲ್ಲ. ಮೂಗಿನ ಮೂಳೆ ಕಾಣದಿರುವುದು ಸಾಧ್ಯತೆಯನ್ನು ಆರೇಳು ಪಟ್ಟು, ಕುತ್ತಿಗೆಯ ಹಿಂದಿನ ಚರ್ಮ ಆರು ಮಿಲಿಮೀಟರ್ ದಾಟುವುದು ಸುಮಾರು ನಾಲ್ಕು ಪಟ್ಟು ಏರಿಸುತ್ತದೆ. ಅವು ಇದ್ದಾಗ, ಅಥವಾ ಎರಡು ಮೂರು ಗುರುತುಗಳು ಒಟ್ಟಿಗೆ ಇದ್ದಾಗ, ಮುಂದಿನ ಪರೀಕ್ಷೆಯ ಮಾತು ಗಂಭೀರವಾಗಿಯೇ ಬರುತ್ತದೆ.

ಸವಿತಾಗೆ ಕೊಟ್ಟ ಸಲಹೆ ಇಷ್ಟು. 30ನೇ ವಾರದ ಹೊತ್ತಿಗೆ ಬೆಳವಣಿಗೆಯ ಸ್ಕ್ಯಾನ್ ಮಾಡಿಸುವುದು, ಅದೂ ಚುಕ್ಕೆಗಾಗಿ ಅಲ್ಲ, ತೊಡೆಮೂಳೆ ತನ್ನ ಗೆರೆಯಲ್ಲೇ ಬೆಳೆಯುತ್ತಿದೆಯೇ ಎಂದು ನೋಡಲು. ಮೂಳೆ ಐದರ ಗೆರೆಗಿಂತ ಕೆಳಗಿಳಿದರೆ ಅಥವಾ ಹೊಟ್ಟೆಯ ಸುತ್ತಳತೆಯೂ ಕುಗ್ಗತೊಡಗಿದರೆ ಮಾಸಿನಿಂದ ಪೋಷಣೆ ಸಾಕಾಗುತ್ತಿಲ್ಲವೇ ಎಂದು ಪರೀಕ್ಷಿಸಬೇಕಾಗುತ್ತದೆ. 12ನೇ ವಾರದ ಎರಡೂ ವರದಿಗಳನ್ನು ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಂಡು ಪ್ರತಿ ಭೇಟಿಗೂ ತರಲು ಹೇಳಿದೆ.

30ನೇ ವಾರದ ವರದಿಯನ್ನು ಗಂಡ ತಂದು ತೋರಿಸಿದರು. ತೊಡೆಮೂಳೆ ಅದೇ ಹತ್ತರ ಆಸುಪಾಸಿನಲ್ಲಿತ್ತು. ಹೊಟ್ಟೆಯ ಸುತ್ತಳತೆ ಸರಾಸರಿಯಷ್ಟಿತ್ತು, ನೀರು ಸಹಜವಾಗಿತ್ತು. ಚುಕ್ಕೆ ಇನ್ನೂ ಇದೆ, ಅದಕ್ಕಾಗಿ ಮತ್ತೊಂದು ಸ್ಕ್ಯಾನ್ ಬೇಕೇ ಎಂದು ಕೇಳಿದರು. ಬೇಡ ಎಂದು ಹೇಳಿ ಕಡತದಲ್ಲಿ ಹಾಗೆಯೇ ಬರೆದೆ.